ಅಕ್ಷರೀ ಹತ್ತು ಲಕ್ಷ

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಸಾವಕಾರ ಗುರುಸಿದ್ದಯ್ಯನವರ ಹತ್ತಿ ಅಂಗಡಿ. ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಚೆಕ್ಕು, ಬಿಲ್ಲುಗಳ ಮೇಲೆ ‘ಅಕ್ಷರೀ’ ಬರೆಯುತ್ತಿದ್ದವನು ಲಾಲಸಾಬ. ಅಂಕಿಯಲ್ಲಿರುವ ಮೊತ್ತವನ್ನು ಅದರ ಪಕ್ಕದಲ್ಲೇ ಮಾತಿನಲ್ಲಿ ಬರೆಯುವುದಕ್ಕೆ ಅಕ್ಷರೀ ಎನ್ನುತ್ತಾರೆ. ಕೇಳಲು ಹಗುರ ಕೆಲಸ. ಆದರೆ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಕಾಯ್ದೆ ನಂಬುವುದು ಅಕ್ಷರವನ್ನು. ಅಂಕಿಗೆ ಒಂದು ಸೊನ್ನೆ ಅಂಟಿಸಲು ಯಾವ ಕಳ್ಳನಿಗೂ ಬರುತ್ತದೆ, ಲಾಲಸಾಬನ ಅಕ್ಷರಕ್ಕೆ ಏನನ್ನಾದರೂ ಅಂಟಿಸಿದವನು ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬ್ಯಾಂಕಿನವರು ಆ ಮಣಿಮಣಿ ಕನ್ನಡ ಅಕ್ಷರ ಕಂಡರೆ ಸಹಿಯನ್ನು ಮಾತ್ರ ನೋಡಿ ಹಣ ಎಣಿಸುತ್ತಿದ್ದರು. ಲಾಲಸಾಬನಿಗೆ ಹೊಲವಿರಲಿಲ್ಲ, ಸ್ವಂತ ಮನೆಯಿರಲಿಲ್ಲ. ಪೇಟೆಯಲ್ಲಿ ಅವನಿಗಿದ್ದದ್ದು ಈ ಒಂದು ಹೆಸರು, ಅದರ ಬಗ್ಗೆ ಅವನಿಗೆ ಸಾಕಷ್ಟು ಜಂಬವೂ ಇತ್ತು. ಇರಲಿ ಬಿಡಿ, ದುಡಿದು ಗಳಿಸಿದ ಜಂಬ ಅದು.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಸಾವಕಾರರ ಅಣ್ಣನ ಮಗ ಶಾಂತಯ್ಯ ಪುಣೆಯಲ್ಲಿ ಓದು ಮುಗಿಸಿ ಅಂಗಡಿಗೆ ಬಂದು ಕೂತ. ಬರುವಾಗ ಒಂದು ಕೋಷ್ಟಕ ತಂದಿದ್ದ. ಯಾವುದೋ ಇಂಗ್ಲಿಷ್ ವ್ಯಾಪಾರದ ಪುಸ್ತಕ ನೋಡಿ ತಾನೇ ಕನ್ನಡಕ್ಕೆ ಇಳಿಸಿದ್ದು, ರಟ್ಟಿಗೆ ಅಂಟಿಸಿ ಗೋಡೆಗೆ ತೂಗು ಹಾಕಿದ. ಅಂಕಿಯನ್ನು ಅಲ್ಪವಿರಾಮಗಳ ನಡುವೆ ತುಂಡು ತುಂಡಾಗಿ ನೋಡಬೇಕು, ಪ್ರತಿ ತುಂಡಿಗೂ ಕೋಷ್ಟಕದಲ್ಲಿರುವ ಮಾತನ್ನು ಎತ್ತಿ ಬರೆಯಬೇಕು. ಬಲಗಡೆಯಿಂದ ಮೊದಲ ವಿರಾಮದ ಆಚೆಯದು ಸಾವಿರ, ಎರಡನೆಯದರ ಆಚೆಯದು ಮಿಲಿಯನ್ನು. ಮಿಲಿಯನ್ನನ್ನು ಶಾಂತಯ್ಯ ‘ಹತ್ತು ಲಕ್ಷ’ ಎಂದು ಕನ್ನಡಿಸಿದ್ದ. ರೂಪಾಯಿ, ಆಣೆ, ಪೈ ಎಂಬ ಮೂರು ಮನೆಗಳಲ್ಲಿ ಕೊನೆಯದಾದ ಪೈಗೆ ‘ಪೈಸೆ’ ಎಂದು ಬರೆದಿದ್ದ.

ಲಾಲಸಾಬ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದ.

“ಶಾಂತಯ್ಯನವರ, ಇದರಾಗ ಎರಡು ತಪ್ಪ ಅದಾವ್ರಿ. ಪೈ ಬ್ಯಾರೆ, ಪೈಸೆ ಬ್ಯಾರೆ. ಆಣೆಗೆ ಹನ್ನೆರಡು ಪೈ, ನಾಕ ಪೈಸೆ. ಮೂರು ಪೈ ಕೂಡಿದ್ರ ಒಂದು ಪೈಸೆ ಆಗ್ತೈತಿ.”

“ಎಲ್ಲಾ ಒಂದ ಬಿಡ್ರಿ ಕಾಕಾ. ದೀಡ ದಮ್ಮಡಿ ಮಾತು.”

“ಮತ್ತ ಇಂಗ್ಲಿಷ್‌ನವರು ಮೂರು ಮೂರು ಅಂಕಿಗೆ ಗೆರಿ ಹೊಡೀತಾರ. ನಾವು ಮೊದಲ ಮೂರಕ್ಕ ಹೊಡದು, ಆಮ್ಯಾಲೆ ಎರಡೆರಡಕ್ಕ ಹೊಡೀತೇವಿ. ಸಾವಿರದ ಮಟಾ ಇದು ನಡೀತೈತಿ. ಲಕ್ಷಕ್ಕ ಬಂದ್ರ ಎಡವತೈತಿ ನೋಡ್ರಿ.”

ಶಾಂತಯ್ಯ ನಕ್ಕ. ಮುದುಕನಿಗೆ ಹೊಟ್ಟೆಕಿಚ್ಚು ಎಂದು ಅವನ ಮುಖವೇ ಹೇಳುತ್ತಿತ್ತು. “ಇನ್ನ ಮ್ಯಾಲೆ ಎಲ್ಲಾರೂ ಕೋಷ್ಟಕ ನೋಡೇ ಬರೀಬೇಕು” ಎಂದ.

“ನಾ ಬರಿಯೂದಿಲ್ರಿ” ಎಂದ ಲಾಲಸಾಬ.

ಸಾವಕಾರರು ಇಬ್ಬರನ್ನೂ ನೋಡಿ ನಡುದಾರಿ ಹುಡುಕಿದರು. ಇಂಥವರಿಗೆ ನಡುದಾರಿ ಎಂದರೆ ಯಾವಾಗಲೂ ತಮ್ಮ ಮನೆಯ ಕಡೆಗೇ ಹೋಗುವ ದಾರಿ. ಇನ್ನು ಚೆಕ್ಕು ಶಾಂತಯ್ಯನೇ ಬರೆಯಲಿ, ಲಾಲಸಾಬ ಬಿಲ್ಲು ನೋಡಿಕೊಳ್ಳಲಿ ಎಂದರು. ಲಾಲಸಾಬ ತುಟಿ ಕಚ್ಚಿ ಒಪ್ಪಿದ. ಒಂದು ತಿಂಗಳು ಎಲ್ಲವೂ ಸುಸೂತ್ರ. ಐದಂಕಿಯ ಚೆಕ್ಕುಗಳಿಗೆ ಕೋಷ್ಟಕ ಸರಿಯಾಗೇ ಇತ್ತು, ಪೈ ಬಂದಲ್ಲೆಲ್ಲ ಶಾಂತಯ್ಯ ಆಣೆಗೆ ಸರಿಮಾಡಿ ಹಾರಿಸಿಬಿಡುತ್ತಿದ್ದ.

ಏಪ್ರಿಲ್ ಹದಿನಾರು, ಶುಕ್ರವಾರ. ಜಿನ್ನಿಂಗ್ ಕಾರಖಾನೆಯ ಅಬ್ದುಲಗನಿಯಿಂದ ಸಾವಿರ ಬೇಲು ಹತ್ತಿ ಕೊಂಡದ್ದಕ್ಕೆ ಹಣ ಕೊಡಬೇಕಿತ್ತು. ಅಬ್ದುಲಗನಿ ಪೈ ಬಿಡುವವನಲ್ಲ. ಮೊತ್ತ ರೂ. 1,05,312-7-3. ಶಾಂತಯ್ಯ ಕೋಷ್ಟಕಕ್ಕೆ ಒಮ್ಮೆ, ಚೆಕ್ಕಿಗೆ ಒಮ್ಮೆ ಕಣ್ಣು ಹಾಯಿಸುತ್ತ ಸರಸರ ಬರೆದ. ಸಾವಕಾರರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅಬ್ದುಲಗನಿ ಚೆಕ್ಕನ್ನು ಎತ್ತಿ ಹಿಡಿದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದ. ಅದಕ್ಕೆ ಬ್ಯಾಂಕಿನ ಚೀಟಿ ಚುಚ್ಚಿತ್ತು: ಅಂಕಿ ಅಕ್ಷರ ತಾಳೆಯಿಲ್ಲ.

“ಸಾವಕಾರ್ರ, ಓದ್ಲೇನ್ರಿ?” ಎಂದು ಅವನು ಓಣಿಗೆಲ್ಲ ಕೇಳುವ ಹಾಗೆ ಓದಿದ. “ಅಕ್ಷರೀ ಹತ್ತು ಲಕ್ಷ ಐದು ಸಾವಿರದ ಮುನ್ನೂರ ಹನ್ನೆರಡು ರೂಪಾಯಿ, ಏಳಾಣೆ, ಮೂರು ಪೈಸೆ ಮಾತ್ರ. ಕಾಯ್ದೆ ಪ್ರಕಾರ ಅಕ್ಷರಾನ ಖರೇ ಅಂತ. ತಗೀರಿ ಹತ್ತು ಲಕ್ಷ! ಮ್ಯಾಲೆ ಎರಡು ಪೈಸೆ ಜಾಸ್ತೀನೂ ಕೊಡಾಕತ್ತೀರಿ, ಧರ್ಮಾತ್ಮರು!”

ಎದುರು ಅಂಗಡಿಯವರು ಹೊರಗೆ ಬಂದು ನಿಂತು ನಕ್ಕರು. ಸಾವಕಾರರ ಮುಖ ಕಪ್ಪಿಟ್ಟಿತು.

“ಲಾಲಸಾಬ ಕಾಕಾಗ ವಯಸ್ಸಾತು, ಕಣ್ಣ ಮಂಜ ಆಗ್ಯಾವ” ಎಂದ ಶಾಂತಯ್ಯ, ತಲೆ ಎತ್ತದೆ.

ಬಿಲ್ಲು ಬರೆಯುತ್ತಿದ್ದ ಲಾಲಸಾಬನ ಕೈ ನಿಂತಿತು. ಸುಳ್ಳು ಇಷ್ಟು ಸಲೀಸಾಗಿ ಹುಟ್ಟುತ್ತದೆಂದು ಅವನು ಎಣಿಸಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಸಾವಕಾರರು ಅವನ ತೋಳು ಹಿಡಿದು ಒಳಕೋಣೆಗೆ ಕರೆದೊಯ್ದರು.

“ಲಾಲಸಾಬ, ಸಿಟ್ಟ ಆಗಬ್ಯಾಡ. ಬರೂ ತಿಂಗಳ ಶಾಂತಯ್ಯನ ಹೆಸರು ಪಾಲುದಾರ ಅಂತ ಬ್ಯಾಂಕಿಗೆ ಕೊಡಬೇಕು. ಈ ತಪ್ಪ ಅವಂದು ಅಂತ ಆದ್ರ ಬ್ಯಾಂಕಿನವರು ನಮಗ ಸಾಲಾನೂ ಕೊಡೂದಿಲ್ಲ. ಗುಮಾಸ್ತನಿಂದ ತಪ್ಪ ಆತು ಅಂತ ಒಂದು ಚೀಟಿ ಬರದ ಕೊಡು. ಪಗಾರ ಐದು ರೂಪಾಯಿ ಹೆಚ್ಚ ಮಾಡ್ತೇನಿ.”

“ಆ ಅಕ್ಷರ ನಂದೇನ್ರಿ?”

ಸಾವಕಾರರು ಗೋಡೆ ನೋಡಿದರು. “ಅಲ್ಲ. ನಿನ್ನ ಅಕ್ಷರ ನನಗ ಗೊತ್ತಿಲ್ಲೇನು?”

ಗೊತ್ತಿದ್ದೂ ಕೇಳುತ್ತಿದ್ದಾರೆ! ತಿಳಿಯದೆ ಬೈದಿದ್ದರೆ ಲಾಲಸಾಬ ತಡೆದುಕೊಳ್ಳುತ್ತಿದ್ದ, ಈ ಮನುಷ್ಯನಿಂದ ಬೈಸಿಕೊಂಡದ್ದು ಹೊಸದೇನಲ್ಲ. ಆದರೆ ಇಪ್ಪತ್ತಾರು ವರ್ಷದ ಹೆಸರಿಗೆ ತಿಂಗಳಿಗೆ ಐದು ರೂಪಾಯಿ ಕಟ್ಟಿದ್ದರು. ಅದೂ ಅವನದೇ ಕೈಯಿಂದ, ಅವನದೇ ಅಕ್ಷರದಲ್ಲಿ ಸುಳ್ಳು ಬರೆಸಲು.

“ಬರಿಯೂದಿಲ್ರಿ.”

“ಹತ್ತು ರೂಪಾಯಿ.”

“ಹತ್ತು ಲಕ್ಷ ಅಂದ್ರೂ ಬರಿಯೂದಿಲ್ರಿ. ಅದನ್ನ ಹೆಂಗೂ ನಿಮ್ಮ ಅಣ್ಣನ ಮಗ ಬರದಾನ.”

ಹೊರಗೆ ಅಬ್ದುಲಗನಿ ಗಡಿಯಾರ ನೋಡುತ್ತಿದ್ದ. ಶನಿವಾರ, ಹನ್ನೆರಡೂವರೆಗೆ ಬ್ಯಾಂಕಿನ ಬಾಗಿಲು ಹಾಕುತ್ತಾರೆ. “ಇವತ್ತ ರೊಕ್ಕ ಆಗಲಿಲ್ಲಂದ್ರ ಬೇಲು ಮುಂಬಯಿ ಕಂಪನಿ ಏಜೆಂಟನಿಗೆ ಹೋಗ್ತಾವ. ಅಂವ ನಿನ್ನೆ ರಾತ್ರಿನ ಬಂದು ಕೇಳ್ಯಾನ” ಎಂದ. ಗುರುಸಿದ್ದಯ್ಯನವರು ಆ ಹತ್ತಿಗಾಗಿ ಆಗಲೇ ರೈಲಿನ ವ್ಯಾಗನ್ನು ಹಿಡಿದಿದ್ದರು.

“ಬರದ ಕೊಡ್ತೇನಿ, ಒಂದು ನಿಮಿಷ” ಎಂದು ಶಾಂತಯ್ಯ ಚೆಕ್ಕಿನ ಪುಸ್ತಕ ಎಳೆದ.

“ನೀವು ಬ್ಯಾಡ್ರಿ ಮಹಾರಾಯ್ರ!” ಅಬ್ದುಲಗನಿ ಎರಡೂ ಕೈ ಅಡ್ಡ ಹಿಡಿದ. “ಹೊಳ್ಳಿ ಬಂದ ಚೆಕ್ಕಿನ ಮ್ಯಾಲೆ ಯಾರ ಅಕ್ಷರ ಅಂತ ನನಗೂ ಕಣ್ಣ ಅದಾವ. ಲಾಲಸಾಬನ ಕೈಲೆ ಬರಸ್ರಿ. ಬ್ಯಾಂಕಿನವರೂ ಅದನ್ನ ಹೇಳಿ ಕಳಿಸ್ಯಾರ.”

ಲಾಲಸಾಬ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಅವನತ್ತ ತಿರುಗಿದರು. ಗಂಟೆ ಹನ್ನೊಂದೂವರೆ ದಾಟಿತ್ತು.

“ಬರೀತೇನ್ರಿ” ಎಂದ ಅವನು. “ಮೊದಲ ಶಾಂತಯ್ಯನವರು ಬ್ಯಾಂಕಿಗೆ ಚೀಟಿ ಬರೀಲಿ. ‘ಆ ಅಕ್ಷರ ನಂದು, ತಪ್ಪ ನಂದು’ ಅಂತ. ಅವರ ಕೈಲೆ.”

“ಲಾಲಸಾಬ! ಯಾರ ಜೋಡಿ ಮಾತಾಡಾಕತ್ತಿ, ಎಚ್ಚರ ಐತಿಲ್ಲೋ?” ಎಂದು ಸಾವಕಾರರು ಗದರಿದರು.

“ಪೂರಾ ಎಚ್ಚರ ಐತ್ರಿ. ಬ್ಯಾಂಕಿಗೆ ಹೋಗಾಕ ಕಾಲು ತಾಸು ಬೇಕು. ಬೇಲು ಸಾವಿರ ಅದಾವ. ಎಣಿಸಿ ನೋಡ್ರಿ.”

ಗೋಡೆಯ ಗಡಿಯಾರ ಟಕಟಕ ಎನ್ನುತ್ತಿತ್ತು. ಸಾವಕಾರರು ಅದನ್ನು ನೋಡಿ, ಶಾಂತಯ್ಯನ ಮುಂದೆ ಹಾಳೆ ತಳ್ಳಿದರು. ಅವನು ಕೆಂಪಗಾಗಿ, ನಿಬ್ಬು ಮುರಿಯುವಷ್ಟು ಒತ್ತಿ ಎರಡು ಸಾಲು ಬರೆದ. ಲಾಲಸಾಬ ಅದನ್ನು ಗಟ್ಟಿಯಾಗಿ ಓದಿ, ಮಡಚಿ ಅಬ್ದುಲಗನಿಯ ಕೈಗಿಟ್ಟ. ನಂತರ ಕೂತು ಬರೆದ: ಅಕ್ಷರೀ ಒಂದು ಲಕ್ಷ ಐದು ಸಾವಿರದ ಮುನ್ನೂರ ಹನ್ನೆರಡು ರೂಪಾಯಿ, ಏಳಾಣೆ, ಮೂರು ಪೈ ಮಾತ್ರ. ಉಳಿದ ಜಾಗಕ್ಕೆ ಗೆರೆ ಎಳೆದ. ಸಾವಕಾರರು ಈ ಸಲ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು.

ಅಬ್ದುಲಗನಿ ಹೋದ ಮೇಲೆ ಸಾವಕಾರರು ಉಸಿರು ಬಿಟ್ಟರು. “ಮುಗೀತಲ್ಲಪಾ. ಹಟಾನೂ ಗೆದ್ದಿ. ಇನ್ನ ಚಾ ತರಸು.”

“ನನ್ನ ಹದಿನೇಳು ದಿನದ ಪಗಾರ ಕೊಟ್ಟಬಿಡ್ರಿ ಸಾವಕಾರ್ರ. ನಲವತ್ತರ ಲೆಕ್ಕದಾಗ ಇಪ್ಪತ್ತೆರಡು ರೂಪಾಯಿ, ಹತ್ತಾಣೆ, ಎಂಟು ಪೈ ಆಗ್ತೈತಿ. ಚೆಕ್ಕ ಕೊಡ್ರಿ. ಅಕ್ಷರೀ ನೀವ ಬರೀರಿ.”

ಸಾವಕಾರರು ನಗಲು ಹೋದರು, ಆಗಲಿಲ್ಲ. ಲಾಲಸಾಬ ಕದಲಲಿಲ್ಲ. ಕೊನೆಗೆ ಅವರು ಪೆನ್ನು ಹಿಡಿದರು. ಸಹಿಯ ಹೊರತು ಮತ್ತೇನನ್ನೂ ಬರೆಯದ ಕೈ, ಒಂದೊಂದು ಅಕ್ಷರಕ್ಕೂ ತಡವರಿಸಿತು. ಪೈಗೆ ಬಂದಾಗ ಪೂರಾ ನಿಂತಿತು.

“ಎಂಟು ಪೈ ಅಂತ ಬರೀಲ್ಯೋ, ಎರಡು ಪೈಸೆ ಎರಡು ಪೈ ಅಂತ ಬರೀಲ್ಯೋ?”

“ಎರಡೂ ಅಷ್ಟ ಆಗ್ತಾವ್ರಿ. ಅಂಕಿಯೊಳಗ ಎಂಟ ಐತಿ, ಅಕ್ಷರದಾಗೂ ಎಂಟ ಬರೀರಿ. ನೋಡಿದವಗ ಅನುಮಾನ ಬರಬಾರದು.”

ಅವರು ಬರೆದರು. ಲಾಲಸಾಬ ಚೆಕ್ಕನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿ, ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದ.

“ಸೋಮವಾರದಿಂದ ನಮ್ಮ ಚೆಕ್ಕ ಯಾರ ಬರೀತಾರೋ?” ಎಂದು ಸಾವಕಾರರು ಕೇಳಿದರು.

“ಅದನ್ನ ನನ್ನ ಒಳಕೋಣಿಗೆ ಕರದಾಗ ಕೇಳಬೇಕಿತ್ರಿ” ಎಂದು ಲಾಲಸಾಬ ಮೆಟ್ಟಿಲಿಳಿದ.