ಖಾಲಿ ಬಿಟ್ಟ ಸಾರಾಂಶದ ಸಾಲು

ನೀರು ಕುಡಿದವನು ಉಪ್ಪು ತಿನ್ನಲೇಬೇಕು. ಗಾದೆ ತಲೆಕೆಳಗಾಗಿದೆ ಎಂದು ಕೆಂಪು ಪೆನ್ನು ತೆಗೆಯಬೇಡಿ. ಸಿಂಧನೂರಿನ ಕಾಲುವೆ ಕೆಳಗಿನ ಹೊಲಗಳ ಮಟ್ಟಿಗೆ ಅದು ನೆಟ್ಟಗೇ ಇದೆ. ಇನ್ನು ಮುಂದೆ ಹೇಳುವುದು ನಡೆದ ಸಂಗತಿ. ಕಂಡವರ ದನಿಯನ್ನೆಲ್ಲ ಕದ್ದು ಆಡಿದವನು ನಾನು. ಹಾಗಾಗಿ ಇದರಲ್ಲಿ ದನಿ ಕಳವಿನದು, ಸಂಗತಿ ಮಾತ್ರ ನಿಜ.

ತೊಂಬತ್ಮೂರನೆಯ ಇಸವಿ. ಸಿಂಧನೂರಿನ ಒಂದು ಖಾಸಗಿ ಕಾಲೇಜಿನಲ್ಲಿ ನಾವು ಬಿ.ಎ. ಕೊನೆಯ ವರ್ಷ ಓದುತ್ತಿದ್ದೆವು. ಭೂಗೋಳ ಹೇಳುತ್ತಿದ್ದವರು ವೆಂಕೋಬ ಸರ್. ದಿನಾ ಮಸ್ಕಿಯಿಂದ ಬಸ್ಸಿಗೆ ಬರುತ್ತಿದ್ದರು. ಅನುದಾನದಲ್ಲಿ ಬಂದಿದ್ದ ಓಎಚ್‌ಪಿ ಯಂತ್ರವನ್ನು ಇಡೀ ಕಾಲೇಜಿನಲ್ಲಿ ಮುಟ್ಟುತ್ತಿದ್ದವರು ಅವರೊಬ್ಬರೇ. ಪಾರದರ್ಶಕ ಹಾಳೆಗಳ ಮೇಲೆ ಮಾರ್ಕರಿನಿಂದ ನಾಲ್ಕು ಪದ, ಒಂದು ಚಿತ್ರ ಬರೆದುಕೊಂಡು ಬರುವರು. ಹಾಳೆಯನ್ನು ಗಾಜಿನ ಮೇಲಿಟ್ಟು ದೀಪ ಹಾಕಿದರೆ ಗೋಡೆಯ ಮೇಲೆ ನಾಲ್ಕು ಪದ ಬೀಳುತ್ತಿದ್ದವು. ಅವರ ಬಾಯಿಂದ ನಾಲ್ಕು ನೂರು.

ಆ ಬಾಯಿ ನನಗೆ ಅನ್ನ ಹಾಕಿತ್ತು ಎಂದರೂ ತಪ್ಪಿಲ್ಲ. ಮೂಗಿನಲ್ಲಿ ಒಮ್ಮೆ ಸೊರ್ ಎನ್ನುವುದು, ‘ಅಂದ್ರ’ ಎನ್ನುವುದನ್ನು ಬಸ್ಸಿನ ಹಾರನ್ನಿನಂತೆ ಎಳೆಯುವುದು, ಪ್ರತಿ ಮಾತಿನ ಬಾಲಕ್ಕೆ ‘ಹೌದಲ್ಲೋ ಮಹಾರಾಜ?’ ಎಂದು ಕಟ್ಟುವುದು. ಊಟವಾದ ಮೇಲೆ ಹಾಸ್ಟೆಲ್ಲಿನಲ್ಲಿ ರೇಡಿಯೋ ಸ್ಟೇಷನ್ ಕೇಳಿದಂತೆ ‘ವೆಂಕೋಬ ಸರ್‌ನ ಹಚ್ಚಲೇ ಅಯ್ಯಪ್ಪ’ ಎನ್ನುತ್ತಿದ್ದರು. ನಾನು ಹಚ್ಚುತ್ತಿದ್ದೆ. ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಬೀಳುತ್ತಿತ್ತು.

ದಸರಾ ರಜೆಗೆ ಹೋದ ಸರ್ ತಿಂಗಳಾನುಗಟ್ಟಲೆ ಬರಲಿಲ್ಲ. ಗಂಟಲಲ್ಲಿ ಗಂಟು, ಹೈದರಾಬಾದಿನಲ್ಲಿ ಆಪರೇಷನ್ ಎಂದು ಸುದ್ದಿ ಬಂತು. ಜನವರಿಯಲ್ಲಿ ಬಂದಾಗ ಕತ್ತಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರಂತೆ. ಕತ್ತಿನಲ್ಲಿ ಒಂದು ತೂತು, ಉಸಿರು ಅಲ್ಲಿಂದ. ನಾವು ಎದ್ದು ನಿಂತೆವು. ಅವರು ಕೈ ಎತ್ತಿದರು. ನಾವು ಕೂತೆವು. ಅಷ್ಟೇ. ಅತ್ತಿದ್ದರೆ ಚೆನ್ನಾಗಿರುತ್ತಿತ್ತೇನೋ, ಯಾರಿಗೂ ಅಳು ಬರಲಿಲ್ಲ. ಇಂಜೆಕ್ಷನ್ ಕೊಟ್ಟ ವಸಡಿನ ಹಾಗೆ, ಕಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಯಾರೂ ಸ್ಟೇಷನ್ ಕೇಳಲಿಲ್ಲ.

ಕಾಲೇಜಿನ ಸೆಕ್ರೆಟರಿ ಬಸ್ಸಪ್ಪನವರು. ಅಕ್ಕಿ ಗಿರಣಿಯವರು, ಸಾಲಗುಂದದ ಕಡೆ ಜಮೀನೂ ಇತ್ತು. ಕೆಟ್ಟವರೇನಲ್ಲ. ಮಾತು ಬಾರದ ಮೇಷ್ಟ್ರನ್ನು ಲೈಬ್ರರಿಯಲ್ಲಿ ಕೂರಿಸೋಣ, ಪಾಠಕ್ಕೆ ಬೇರೆಯವರನ್ನು ತರೋಣ ಎಂದರು. ಸರ್ ಪಾಟಿಯ ಮೇಲೆ ಬರೆದು ತೋರಿಸಿದರಂತೆ: ‘ಒಂದು ತಾಸು ಕ್ಲಾಸ್ ಕೊಡ್ರಿ. ನೋಡಿ ಹೇಳ್ರಿ.’ ಫೆಬ್ರವರಿ ಕೊನೆಗೆ ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದಾಗಿ, ಹುಡುಗರ ಬಾಯಿಂದ ಪಾಠ ಬಂದರೆ ಕ್ಲಾಸು, ಇಲ್ಲದಿದ್ದರೆ ಲೈಬ್ರರಿ ಎಂಬುದಾಗಿ ಬಸ್ಸಪ್ಪನವರು ಒಪ್ಪಿದರು.

ಮರುದಿನ ಸರ್ ನನ್ನನ್ನೂ ಸಾಲಗುಂದದ ಜೋಗಮ್ಮನನ್ನೂ ಸ್ಟಾಫ್ ರೂಮಿಗೆ ಕರೆದರು. ಜೋಗಮ್ಮನ ಅಕ್ಷರ ಕಾಲೇಜಿಗೇ ಚೆಂದ. ನನ್ನನ್ನು ಏಕೆ ಕರೆದರೋ ತಿಳಿಯಲಿಲ್ಲ. ಅವರು ಬಿಳಿ ಹಾಳೆ ತೆಗೆದುಕೊಂಡು ಎಡಗಡೆ ಮೂರನೇ ಒಂದು ಪಾಲು ಬಿಟ್ಟು ಮೇಲಿಂದ ಕೆಳಗೆ ಗೆರೆ ಎಳೆದರು. ಅಡಿಯಲ್ಲಿ ನಾಲ್ಕು ಬೆರಳು ಬಿಟ್ಟು ಅಡ್ಡ ಗೆರೆ. ಬಲಕ್ಕೆ ‘ಟಿಪ್ಪಣಿ’, ಎಡಕ್ಕೆ ‘ಪ್ರಶ್ನೆ’, ಕೆಳಗೆ ‘ಸಾರಾಂಶ’ ಎಂದು ಬರೆದರು. ಯಾವುದೋ ತರಬೇತಿಯಲ್ಲಿ ಕಲಿತಿದ್ದರಂತೆ. ಬಲಗಡೆ ಮುಚ್ಚಬೇಕು, ಎಡಗಡೆಯ ಪ್ರಶ್ನೆ ನೋಡಿ ಉತ್ತರ ಬಾಯಿಂದ ಹೇಳಬೇಕು, ಆಮೇಲೆ ತೆರೆದು ತಾಳೆ ನೋಡಬೇಕು. ಕೊನೆಗೆ ಎಲ್ಲ ಮುಚ್ಚಿ ಸ್ವಂತ ಮಾತಿನಲ್ಲಿ ಸಾರಾಂಶ. ಕ್ಲಾಸಿನಲ್ಲಿ ಸರ್ ಕೋಲಿನಿಂದ ಪ್ರಶ್ನೆ ತೋರಿಸಿದರೆ ಸಾಕು. ಮಾತಾಡುವ ಕೆಲಸ ನಮ್ಮದು.

ಪಾಠ, ಸವಳು ಜವಳು: ಹೊಲಕ್ಕೆ ಉಪ್ಪೇರುವುದು, ನೀರು ನಿಲ್ಲುವುದು. ಜೋಗಮ್ಮ ಆ ಪಾಠದ ಪಾರದರ್ಶಕ ಹಾಳೆಗಳನ್ನು ಮನೆಗೆ ಒಯ್ದು ಎರಡೇ ದಿನದಲ್ಲಿ ಇಳಿಸಿಕೊಂಡು ಬಂದಳು. ಗೋಡೆಯ ಮೇಲೆ ಬೀಳುತ್ತಿದ್ದ ಪದಗಳೇ ಬಲಗಡೆ. ತಲೆಬರಹಕ್ಕೆ ಬಾಲ ಕಟ್ಟಿ ಎಡಗಡೆ ಪ್ರಶ್ನೆ: ‘ಪರಿಹಾರಗಳಾವುವು?’ ಉತ್ತರ: ‘ಜಿಪ್ಸಂ, ಬಸಿಗಾಲುವೆ, ತೊಳೆಯುವುದು.’ ಒಂದು ಪುಟದ ಬಲಗಡೆ ಎಣ್ಣೆದೀಪದ ಚಿತ್ರ, ಎಡಗಡೆ ‘ಇದೇನು?’

ಸರ್ ‘ಇದೇನು?’ ಎಂಬುದರ ಮೇಲೆ ಬೆರಳಿಟ್ಟು ಜೋಗಮ್ಮನನ್ನು ನೋಡಿದರು.

“ದೀಪ ರೀ ಸರ,” ಎಂದಳು.

ದೀಪ ಏಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ಇರಲೇ ಇಲ್ಲವಲ್ಲ. ಹಾಳೆಯಲ್ಲಿ ಇದ್ದದ್ದು ಮೊಳೆ ಮಾತ್ರ, ಅಂಗಿ ಇದ್ದದ್ದು ಅವರ ಬಾಯಲ್ಲಿ. ಸರ್ ಪಾಟಿ ಎತ್ತಿಕೊಂಡರು. ಬರೆದು ನನ್ನ ಕಡೆ ತಿರುಗಿಸಿದರು: ‘ಅಯ್ಯಪ್ಪ, ನೀ ನನ್ಹಂಗ ಮಾತಾಡು. ಆಕಿ ಬರಕೊಳ್ಳಲಿ.’

ಹಾಗಾದರೆ ಹಾಸ್ಟೆಲ್ಲಿನ ರೇಡಿಯೋ ಅವರ ಕಿವಿಗೂ ಬಿದ್ದಿತ್ತು. ಹಿಂದಿನ ವರ್ಷ ಹಿರಿಯರ ಕ್ಲಾಸಿನ ಕಿಟಕಿಯಲ್ಲಿ ನಿಂತು ಕೇಳಿ ನಾನು ಈ ಪಾಠವನ್ನೂ ಅಲ್ಲಿ ಹಚ್ಚಿದ್ದೆ. ಬರುವುದಿಲ್ಲ ರೀ ಎಂದೆ. ಅವರು ಪಾಟಿಯನ್ನು ಕೆಳಗಿಡಲಿಲ್ಲ. ಹಿಡಿದೇ ಕೂತಿದ್ದರು. ಕತ್ತಿನ ಬಟ್ಟೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

ನಾನು ಮೂಗಿನಲ್ಲಿ ಸೊರ್ ಎಂದೆ.

“ಅಂದ್ರss ಬತ್ತಿ ಏನು ಮಾಡ್ತೈತಿ? ಕೆಳಗಿನ ಎಣ್ಣಿ ಮ್ಯಾಲೆ ಹೀರ್ತೈತಿ, ಹೌದಲ್ಲೋ ಮಹಾರಾಜ? ನಿಮ್ಮ ಎರಿ ಮಣ್ಣಿನಾಗ ಸಣ್ಣ ಸಣ್ಣ ಸಂದಿ ಅದಾವ, ಅವs ಬತ್ತಿ. ಕಾಲುವಿ ಸೋರಿ, ನೀವು ಹೊಲಕ್ಕ ಅತಿ ನೀರು ಬಿಟ್ಟು, ನೆಲದೊಳಗಿನ ನೀರು ಮ್ಯಾಲೆ ಏರೈತಿ. ಅದನ್ನ ಮಣ್ಣು ಹೀರ್ತೈತಿ, ಬಿಸಲು ನೀರು ಒಯ್ತೈತಿ, ಉಪ್ಪು ಒಯ್ಯಂಗಿಲ್ಲ. ಲೇ ಕಡೀ ಬೆಂಚು, ಕಿಟಕಿ ಹೊರಗ ಯಾರ ಹೊಂಟಾರ?”

ದನಿ ಕೋಣೆಯಲ್ಲಿ ನಿಂತಿತು. ತನ್ನದೇ ದನಿಯನ್ನು ಎದುರಿಗೆ ಕೂತು ಕೇಳುವವರ ಮುಖ ಹೇಗಿರುತ್ತದೆ ಎಂದು ನೋಡುವ ಧೈರ್ಯ ನನಗಿರಲಿಲ್ಲ. ನೋಡಿದಾಗ ಮುಖದಲ್ಲಿ ಏನೂ ಇರಲಿಲ್ಲ. ಅವರು ಮುಂದಿನ ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

ವಾರವೆಲ್ಲ ಹೀಗೇ ನಡೆಯಿತು. ನಾನು ಮಾತಾಡುವುದು, ಜೋಗಮ್ಮ ಬಲಗಡೆ ಇಳಿಸುವುದು, ಸರ್ ತಿದ್ದುವುದು. ದೀಪದ ಹಾಳೆಯೂ ಬಿಳಿ ಪೊರೆ ಕಟ್ಟಿದ ಹೊಲದ ಹಾಳೆಯೂ ಒಂದೇ ಮಾತಿನ ಎರಡು ತುದಿ ಎಂದು ಎರಡನ್ನೂ ಒಂದೇ ಪುಟಕ್ಕೆ ಸೇರಿಸಿದರು. ಬಲಗಡೆ ತುಂಬಿದ ಮೇಲೆಯೇ ಎಡಗಡೆಗೆ ಕೈ ಹಾಕಬೇಕು; ಉತ್ತರ ಬಲಗಡೆ ಇಲ್ಲದ ಪ್ರಶ್ನೆಯನ್ನು ಎಡಗಡೆ ಕೇಳಕೂಡದು. ‘ಇದೇನು?’ ಹೋಗಿ ‘ನೀರು ಕೆಳಗಿದ್ದರೂ ಉಪ್ಪು ಮೇಲೆ ಬರುವುದು ಹೇಗೆ?’ ಬಂತು. ‘ಪರಿಹಾರಗಳಾವುವು?’ ಹೋಗಿ ‘ಬಸಿಗಾಲುವೆ ತೋಡದೆ ತೊಳೆದರೆ ಏನಾಗುತ್ತದೆ?’ ಮತ್ತು ‘ಜಿಪ್ಸಂ ಯಾವ ಮಣ್ಣಿಗೆ?’ ಬಂದವು. ಕ್ಷಾರದ ಮಣ್ಣಿಗೆ ಮಾತ್ರ. ಬರೀ ಉಪ್ಪಿನ ಮಣ್ಣಿಗೆ ಮೊದಲು ನೀರು ಬಸಿದು ಹೋಗಲು ದಾರಿ, ಆಮೇಲೆ ಒಳ್ಳೆಯ ನೀರಿನಿಂದ ತೊಳೆಯುವುದು. ಮೂರೂ ಪದ ಹಾಳೆಯಲ್ಲಿ ಇದ್ದವು, ಯಾವುದು ಮೊದಲು ಎಂಬುದು ಇರಲಿಲ್ಲ.

ಜೋಗಮ್ಮ ಕಿವಿಗೆ ಬಿದ್ದದ್ದನ್ನೆಲ್ಲ ಬರೆಯುವವಳು. ಕಡೀ ಬೆಂಚನ್ನೂ ಕಿಟಕಿಯನ್ನೂ ಬಲಗಡೆ ಇಳಿಸಿದ್ದಳು. ಸರ್ ಕೆಂಪು ಪೆನ್ನಿನಿಂದ ಅವನ್ನೆಲ್ಲ ಹೊಡೆದು ಹಾಕಿದರು. ಪಾಠದ ಕೊನೆಗೆ ಪ್ರತಿ ವರ್ಷ ಅವರು ಹೇಳುತ್ತಿದ್ದ ಉಪ್ಪು ನೀರಿನ ಗಾದೆಯನ್ನೂ ಹೊಡೆದರು. ಅದಿರಲಿ ರೀ ಸರ ಎಂದೆ. ಪಾಟಿಯಲ್ಲಿ ಬರೆದರು: ‘ಪರೀಕ್ಷೆಗೆ ಬೇಡ.’

ಟಿಪ್ಪಣಿ ಸರಿಯಾಯಿತು. ಒಂದು ತಪ್ಪೂ ಉಳಿಯಲಿಲ್ಲ, ಒಬ್ಬ ಮನುಷ್ಯನೂ ಉಳಿಯಲಿಲ್ಲ.

ಸ್ಟೆನ್ಸಿಲ್ ಕೊರೆದು ನಮ್ಮೂರು ಲಿಂಗಸುಗೂರಿನ ಟೈಪಿಂಗ್ ಅಂಗಡಿಯಲ್ಲಿ ಸೈಕ್ಲೋಸ್ಟೈಲ್ ಮಾಡಿಸಿ ತಂದೆ. ಹುಡುಗರ ಪ್ರತಿಗಳಲ್ಲಿ ಸಾರಾಂಶದ ಸಾಲು ಖಾಲಿ ಇರಬೇಕು, ಅವರೇ ತುಂಬಲಿ ಎಂದಿದ್ದರು ಸರ್. ಗೋಡೆಗೆ ಬಿಡುವ ಹಾಳೆಗಳಲ್ಲಿ ಮಾತ್ರ ಅದು ಬರೆದಿರಬೇಕು, ತಾಳೆ ನೋಡಲು. ಆ ಹಾಳೆಗಳನ್ನು ಬರೆಯುವ ಕೆಲಸ ನನ್ನದು. ಬರೆದೆ. ಕೊನೆಯ ಹಾಳೆಯ ಕೊನೆಯ ಸಾಲಿಗೆ ಬಂದಾಗ ಮಾರ್ಕರಿನ ಮುಚ್ಚಳ ಹಾಕಿಬಿಟ್ಟೆ. ಆಮೇಲೆ ಕ್ಲಾಸಿನವರನ್ನೆಲ್ಲ ಹಾಸ್ಟೆಲ್ಲಿನ ಹಿಂದಿನ ಬಯಲಿಗೆ ಕರೆದು ಒಂದಿಷ್ಟು ತಾಲೀಮು ಮಾಡಿಸಿದೆ. ಜೋಗಮ್ಮನಿಗೆ ಮೂಗಿನ ಸೊರ್ ಮೊದಲು ಕೂಡಲಿಲ್ಲ. ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ಹುಡುಗರು ಎಲ್ಲರಿಗಿಂತ ಬೇಗ ಹಿಡಿದರು.

ಆ ದಿನ ಬಸ್ಸಪ್ಪನವರು ಕಡೀ ಬೆಂಚಿನಲ್ಲಿ, ಓದಿನಲ್ಲಿ ನಮಗೆಲ್ಲ ಹಿಂದಿದ್ದ ಹುಸೇನಬಾಷಾನ ಪಕ್ಕ ಕೂತರು. ಸರ್ ಹಾಳೆ ಇಟ್ಟು, ಬಲಗಡೆಗೂ ಕೆಳಗಿನ ಸಾಲಿಗೂ ರಟ್ಟು ಮುಚ್ಚಿ, ದೀಪ ಹಾಕಿದರು. ಕೋಲು ಒಂದು ಪ್ರಶ್ನೆಯ ಮೇಲೆ ನಿಲ್ಲುವುದು, ಒಬ್ಬರ ಕಡೆ ತಿರುಗುವುದು, ಅವರು ಎದ್ದು ಹೇಳುವುದು. ರಟ್ಟು ಸರಿಯುವುದು, ಉತ್ತರ ಗೋಡೆಯ ಮೇಲೆ ಕಾಣುವುದು. ತಪ್ಪಿದರೆ ಸರ್ ತಲೆಯಾಡಿಸಿ ರಟ್ಟು ಮತ್ತೆ ಮುಚ್ಚುವರು. ಹುಸೇನಬಾಷಾ ಕೂಡ ಜಿಪ್ಸಂ ಪ್ರಶ್ನೆ ದಾಟಿದ. ಬಸ್ಸಪ್ಪನವರು ನಡುವೆ ಕೈಯೆತ್ತಿ, ಮಣ್ಣಿನ ಮೇಲೆ ಬಿಳಿ ಬಂದ ಹೊಲಕ್ಕೆ ಇನ್ನಷ್ಟು ನೀರು ಬಿಟ್ಟರೆ ಉಪ್ಪು ತೊಳೆದು ಹೋಗುವುದಿಲ್ಲವೇ ಎಂದು ಕೇಳಿದರು. ಅದು ಅವರ ಹೊಲದ್ದೇ ಪ್ರಶ್ನೆ ಇರಬೇಕು. ಜೋಗಮ್ಮ ಎದ್ದು, ಬಸಿಗಾಲುವೆ ಇಲ್ಲದಿದ್ದರೆ ನೀರು ಅಲ್ಲೇ ನಿಂತು, ಕೆಳಗಿನ ಮಟ್ಟ ಇನ್ನೂ ಏರಿ, ಮತ್ತಷ್ಟು ಉಪ್ಪು ಮೇಲೆ ಬರುತ್ತದೆ ಎಂದಳು. ಅವರು ಗಲ್ಲ ಕೆರೆದುಕೊಂಡರು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ಸರಿಯಾಗಿ ನಡೆಯುತ್ತದಲ್ಲ, ಹಾಗೆ.

ಕೊನೆಯ ಹಾಳೆ. ಕೊನೆಯ ಸಾಲು. ಸರ್ ರಟ್ಟು ಸರಿಸಿದರು.

ಗೋಡೆ ಬೆಳ್ಳಗಿತ್ತು.

ಅವರು ಗಾಜು ನೋಡಿದರು, ಹಾಳೆ ತಿರುವಿದರು, ಮತ್ತೆ ಇಟ್ಟರು. ನನ್ನ ಕಡೆ ನೋಡಿದರು. ಕತ್ತಿನ ಬಟ್ಟೆ ಜೋರಾಗಿ ಒಳಗೆ ಹೊರಗೆ ಆಗುತ್ತಿತ್ತು. ಹಿಂದೆ ಬಸ್ಸಪ್ಪನವರು ಕೆಮ್ಮಿದರು. ನಾನು ಬೆರಳಿನಿಂದ ಬೆಂಚು ಕುಟ್ಟಿದೆ. ಇಡೀ ಕ್ಲಾಸು ಒಟ್ಟಿಗೆ ಮೂಗಿನಲ್ಲಿ ಸೊರ್ ಎಂದಿತು.

“ಅಂದ್ರss ಮಂದಿ ಉಪ್ಪು ತಿಂದು ನೀರು ಕುಡಿತಾರ, ನಮ್ಮ ಹೊಲ ನೀರು ಕುಡಿದು ಉಪ್ಪು ತಿಂದೈತಿ. ಹೌದಲ್ಲೋ ಮಹಾರಾಜ?”

ಹುಡುಗಿಯರ ಬಾಯಲ್ಲಿ, ಕ್ಯಾಂಪಿನ ಬಂಗಾಳಿ ನಾಲಗೆಯಲ್ಲಿ, ಹುಸೇನಬಾಷಾನ ದಪ್ಪ ಗಂಟಲಲ್ಲಿ ಒಂದೇ ವೆಂಕೋಬ ಸರ್. ಸರ್ ಕಲ್ಲಿನಂತೆ ನಿಂತಿದ್ದರು. ಬಸ್ಸಪ್ಪನವರು ಎದ್ದು ಧೋತರ ಸರಿಮಾಡಿಕೊಂಡರು.

“ಕ್ಲಾಸು ನಡೀಲಿ ರೀ ಮಾಸ್ತರ,” ಎಂದರು. “ನಮ್ಮ ಹೊಲಾನೂ ಒಮ್ಮಿ ನೋಡಾಕ ಬರ್ರಿ.”

ಅವರು ಹೊರಗೆ ಹೋದರು. ಸರ್ ಮಾರ್ಕರ್ ತೆಗೆದುಕೊಂಡು ಖಾಲಿ ಸಾಲಿನಲ್ಲಿ ಏನೋ ಬರೆಯತೊಡಗಿದರು. ಅಕ್ಷರಗಳು ಒಂದೊಂದೇ ಗೋಡೆಯ ಮೇಲೆ ಬಿದ್ದವು: ‘ಸಾರಾಂಶ ಸ್ವಂತ ಮಾತಿನಾಗ ಇರಬೇಕು. ಎಲ್ಲಾರೂ ಕಾಪಿ ಹೊಡದೀರಿ. ಸೊನ್ನಿ.’

ಮೊದಲು ನಕ್ಕವಳು ಜೋಗಮ್ಮ. ಆಮೇಲೆ ಎಲ್ಲರೂ. ಅಷ್ಟರಲ್ಲಿ ಧಡ್ ಎಂದಿತು. ನೋಡಿದರೆ ಸರ್ ಮೇಜಿಗೆ ಬಗ್ಗಿ ಅಂಗೈಯಿಂದ ಗುದ್ದುತ್ತಿದ್ದರು. ಬಟ್ಟೆಯ ಹಿಂದಿನಿಂದ ಗಾಳಿ ಸುಂಯ್ ಸುಂಯ್ ಎನ್ನುತ್ತಿತ್ತು, ಭುಜ ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು. ಡಸ್ಟರ್ ಹಾರಿ ಕೆಳಗೆ ಬಿತ್ತು, ಗೋಡೆಯ ಮೇಲಿನ ಸೊನ್ನೆ ಗಡಗಡ ನಡುಗಿತು. ನಮ್ಮೆಲ್ಲರ ಬಾಯಿಯ ಸದ್ದು ಸೇರಿದರೂ ಆ ಮೇಜಿನ ಸದ್ದನ್ನು ಮುಚ್ಚಲಾಗಲಿಲ್ಲ.