ತಮ್ಮಣ್ಣನ ಏಳು ಸಾಲು

ಕಡತ ತೆರೆದ ಐದೇ ನಿಮಿಷಕ್ಕೆ ವೃಷಾಲಿಗೆ ಮೈಯೆಲ್ಲ ಉರಿದುಹೋಯಿತು.

ಮಹಾರಾಷ್ಟ್ರದ ಇಚಲಕರಂಜಿಯ ಆ ಮುದ್ರಣಾಲಯದಲ್ಲಿ ಕನ್ನಡ ಅಕ್ಷರ ಜೋಡಿಸುವವಳು ಅವಳೊಬ್ಬಳೇ. ಮಗ್ಗದ ಮಾಲೀಕರ ಸಂಘದವರು ಕನ್ನಡ ನೇಕಾರರನ್ನು ನೋಡಿಕೊಳ್ಳುವ ತಮ್ಮ ಹೊಸ ಮರಾಠಿ ಸುಪರ್ವೈಜರ್‌ಗಳಿಗೆ ಕನ್ನಡ ಕಲಿಸಲು ಐನೂರು ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಬರೆದವರು ಗಡಹಿಂಗ್ಲಜದ ಕಾಂಚನ ಅಕ್ಕೋರು, ನಿವೃತ್ತ ಶಿಕ್ಷಕಿ. ಹನ್ನೆರಡನೆಯ ಪುಟದಲ್ಲಿ ವಿಭಕ್ತಿ ಪ್ರತ್ಯಯಗಳ ಕೋಷ್ಟಕವಿತ್ತು. ಉದಾಹರಣೆಗೆ ಕೊಟ್ಟ ನಾಮಪದ 'ಆಳು'.

ಆಳು ತಡವಾಗಿ ಬಂದಿತು. ಆಳನ್ನು ಗೇಟಿನಲ್ಲೇ ನಿಲ್ಲಿಸು. ಆಳಿನಿಂದ ನೆಲ ಒರೆಸಿಸು. ಆಳಿಗೆ ಇಂದು ರಜೆ ಇಲ್ಲ. ಆಳಿನ ಚೀಲ ತಪಾಸಣೆ ಮಾಡು. ಆಳಿನಲ್ಲಿ ನಂಬಿಕೆ ಇಡಬೇಡ. ಏ ಆಳೇ, ಇಲ್ಲಿ ಬಾ.

ಪ್ರತ್ಯಯಗಳಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ವೃಷಾಲಿಯ ಅಪ್ಪ ತಮ್ಮಣ್ಣ ಮೂವತ್ತೆರಡು ವರ್ಷದಿಂದ ಮಗ್ಗ ನಡೆಸುವವ. ಅದೂ ಈ ಪುಸ್ತಕ ಮಾಡಿಸುತ್ತಿದ್ದ ಸಂಘದ ಕಾರ್ಯದರ್ಶಿ ಕೇತನನ ಶೆಡ್ಡಿನಲ್ಲೇ. ನಾಳೆ ಯಾವನೋ ಚಿಗುರುಮೀಸೆಯವನು ಈ ಪುಟ ಬಾಯಿಪಾಠ ಮಾಡಿಕೊಂಡು ಬಂದು ಅಪ್ಪನ ಮೇಲೆ ಪ್ರಯೋಗಿಸುತ್ತಾನೆ.

ಪ್ರೂಫ್ ತೆಗೆದುಕೊಂಡು ಅವಳೇ ಬಸ್ಸು ಹತ್ತಿದಳು. ಬರೆದವರ ಸಹಿ ಬೀಳದೆ ಆ ಮುದ್ರಣಾಲಯದಲ್ಲಿ ಒಂದು ಹಾಳೆಯೂ ಅಚ್ಚಿಗೆ ಹೋಗುತ್ತಿರಲಿಲ್ಲ. ಸಹಿ ಬಿದ್ದ ಮೇಲೆ ಅಲ್ಪವಿರಾಮ ಕೂಡ ಕದಲುತ್ತಿರಲಿಲ್ಲ. ಅದು ಮಾಲೀಕ ಜಿನೇಶನ ಕಾನೂನು. ದಾರಿಯುದ್ದಕ್ಕೂ ಅಕ್ಕೋರಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡಳು.

ಗಡಹಿಂಗ್ಲಜದ ಮನೆಯಲ್ಲಿ ಕನ್ನಡಕ ಏರಿಸಿಕೊಂಡು ಕಾಂಚನ ಅಕ್ಕೋರು ಪುಟವನ್ನು ಎರಡು ಸಲ ಓದಿದರು. ಮುಖ ಕೆಂಪಾಯಿತು.

"ಇದನ್ನ ನಾ ಬರದಿಲ್ಲ," ಎಂದರು. "ನಾ ಬರದದ್ದು 'ಅಣ್ಣ' ಅಂತ. ಅಣ್ಣನು ಬಂದನು, ಅಣ್ಣನನ್ನು ಕರೆ. ಪಂಚಮಿ 'ದೆಸೆಯಿಂದ' ಯಾರೂ ಆಡೂದಿಲ್ಲಂತ ಅದನ್ನ 'ಇಂದ'ದ ಸಾಲಿಗೇ ಸೇರಿಸಿ ಏಳ ಸಾಲ ಮಾಡಿದ್ದೆ. ಸಾಲ ನನ್ನವ, ಮಾತ ನನ್ನವಲ್ಲ."

"ನಮ್ಮಪ್ಪನೂ ಮಗ್ಗ ನಡಸತಾನ್ರಿ. ಮತ್ತ ಯಾರು ಬರದ್ರು?"

"ಕೇತನ. 'ಒಂದೆರಡ ಉದಾಹರಣೆ ಶೆಡ್ಡಿಗೆ ಹೊಂದೂಹಂಗ ಮಾಡೇನ್ರಿ' ಅಂದಿದ್ದ. ಮನ್ಯಾಗ ಕನ್ನಡ ಮಾತಾಡೂ ಮಂದಿನ ಹಿಂಗ ಬರದ್ರ ಇನ್ನ ಯಾರಿಗೆ ಏನ್ ಹೇಳೂದವ್ವ?" ಅವರು ಕೆಂಪು ಪೆನ್ನಿನಿಂದ ಏಳೂ ವಾಕ್ಯಗಳನ್ನು ಹೊಡೆದುಹಾಕಿದರು. "ಕೂಡು. ನೀನ ಹೇಳು, ನಾ ಬರೀತೇನಿ. ನಿಮ್ಮಪ್ಪನ ಹೆಸರೇನು?"

ಹೇಳಬಾರದಿತ್ತು. ಅಪ್ಪನ ಕೆಲಸ ಕೇತನನ ಕೈಯಲ್ಲಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಸಿಟ್ಟು ಬಾಯಿಯ ತನಕ ಬಂದು ನಿಂತಿತ್ತು. ಹೇಳಿಬಿಟ್ಟಳು. ಸಂಜೆಯ ಹೊತ್ತಿಗೆ ಅಕ್ಕೋರ ಸಹಿಯೊಂದಿಗೆ ಹನ್ನೆರಡನೆಯ ಪುಟ ಹೀಗಿತ್ತು:

ಉ: ತಮ್ಮಣ್ಣನು ಮಗ್ಗ ನಡೆಸುತ್ತಾನೆ.
ಅನ್ನು: ತಮ್ಮಣ್ಣನನ್ನು ಊಟಕ್ಕೆ ಕರೆಯಿರಿ.
ಇಂದ: ತಮ್ಮಣ್ಣನಿಂದ ಗಂಟು ಹಾಕಲು ಕಲಿತೆ.
ಗೆ: ತಮ್ಮಣ್ಣನಿಗೆ ಎಡಗಿವಿ ಕೇಳಿಸುವುದಿಲ್ಲ.
ಅ: ತಮ್ಮಣ್ಣನ ಮಗಳು ಅಕ್ಷರ ಜೋಡಿಸುತ್ತಾಳೆ.
ಅಲ್ಲಿ: ತಮ್ಮಣ್ಣನಲ್ಲಿ ತಾಳ್ಮೆ ಇದೆ.
ಸಂಬೋಧನೆ: ತಮ್ಮಣ್ಣಾ, ಕುಳಿತುಕೊಳ್ಳಿ.

ಐನೂರು ಪುಸ್ತಕ ಅಚ್ಚಾಗಿ, ಹೊಲಿಗೆಯಾಗಿ, ಕಟ್ಟು ಕಟ್ಟಿ ನಿಂತ ದಿನ ಕೇತನ ಬಂದ. ಮೇಲಿನ ಪುಸ್ತಕ ತೆರೆದು ಹನ್ನೆರಡನೆಯ ಪುಟಕ್ಕೇ ಹೋದ. ಮೂರನೆಯ ಸಾಲಿನಲ್ಲಿ ಅವನ ಕಣ್ಣು ನಿಂತದ್ದನ್ನು ವೃಷಾಲಿ ನೋಡಿದಳು.

"ಈ ತಮ್ಮಣ್ಣ ಯಾಂವ?"

"ನಮ್ಮಪ್ಪರಿ," ಎಂದಳು ವೃಷಾಲಿ. "ನಿಮ್ಮ ಶೆಡ್ಡಿನ್ಯಾಗ ಅದಾನ. ನಿಮಗ ಗೊತ್ತಿಲ್ಲೇನ್ರಿ?"

ಕೇತನ ಜಿನೇಶನ ಕಡೆ ತಿರುಗಿ ಮರಾಠಿಯಲ್ಲಿ, ಈ ಪುಟ ಇದ್ದರೆ ಒಂದು ಪುಸ್ತಕವನ್ನೂ ಒಯ್ಯುವುದಿಲ್ಲ ಎಂದ. ಆಮೇಲೆ ಕನ್ನಡಕ್ಕೆ ಬಂದ, ಅವಳಿಗೆ ಚೆನ್ನಾಗಿ ತಿಳಿಯಲಿ ಎಂದು. "ಮಗ್ಗಕ್ಕ ಮಂದಿ ಭಾಳ ಸಿಗತಾರ. ನಿಮ್ಮಪ್ಪಗ ಹೇಳು."

"ಸಹಿ ಐತ್ರಿ ಪ್ರೂಫಿನ ಮ್ಯಾಲ," ಎಂದಳು ವೃಷಾಲಿ ಜಿನೇಶನಿಗೆ. ಸಹಿಯಾದ ಪ್ರೂಫಿನಲ್ಲಿದ್ದ ತಪ್ಪನ್ನು ತಾನಾಗಿ ತಿದ್ದಿದ್ದಕ್ಕೆ ಹೋದ ವರ್ಷ ಇದೇ ಜಿನೇಶ ಅವಳನ್ನು ಎಲ್ಲರ ಮುಂದೆ ಬೈದಿದ್ದ. ಈಗ ಅವನಿಗೆ ಆ ಕಾನೂನು ನೆನಪಿಗೇ ಬರಲಿಲ್ಲ.

"ಹರದು ಕೊಡವ್ವ," ಎಂದ ನೆಲ ನೋಡುತ್ತ.

ಐನೂರು ಪುಸ್ತಕದಿಂದ ಐನೂರು ಹಾಳೆ. ಸ್ಕೇಲು ಒತ್ತಿ ಅವಳೇ ಹರಿದಳು. ಪ್ರತಿ ಹಾಳೆಗೂ ಒಂದು ಬೈಗುಳ ಬೈದಳು, ಒಂದನ್ನೂ ಎರಡನೆಯ ಸಲ ಬಳಸಲಿಲ್ಲ ಎಂದು ಪಕ್ಕದ ಬೈಂಡರು ಇಂದಿಗೂ ಹೇಳುತ್ತಾನೆ. ರದ್ದಿಗೆ ಎಸೆಯಲು ಹೇಳಿದ ಕಟ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಒಯ್ದಳು.

ಅಪ್ಪನ ಬಲಗಿವಿಯ ಬಳಿ ಕುಳಿತು ನಡೆದದ್ದೆಲ್ಲ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು. ತಮ್ಮಣ್ಣ ಹಾಳೆ ಹಿಡಿದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತಾನೇ ಓದಿದ. ಎಡಗಿವಿಯ ಸಾಲಿನಲ್ಲಿ ಬೆರಳು ಊರಿ ತಲೆ ಎತ್ತಿದ.

"ಇದರಾಗ ಸುಳ್ಳೇನೈತಿ?" ಎಂದು ಕೇಳಿದ.

"ಏನೂ ಇಲ್ಲ."

"ಮತ್ತ್ಯಾಕ ಹರಿಸಿದಾ ಅಂವ?" ಅಪ್ಪನ ದನಿ ಅಷ್ಟು ಗಟ್ಟಿಯಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಮರುದಿನ ಬೆಳಗಿನ ಪಾಳಿಗೆ ಅವನು ಒಂದು ಹಿಡಿ ಹಾಳೆ ಒಯ್ದ. ಹೆದರಿಕೆಯಾಗಿ ವೃಷಾಲಿಯೂ ಸ್ವಲ್ಪ ಹೊತ್ತಿಗೆ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ನಲವತ್ತು ಮಗ್ಗಗಳ ಸದ್ದು. ಅಲ್ಲಿ ಯಾರೂ ಮಾತಾಡುವುದಿಲ್ಲ, ಕೈಸನ್ನೆಯೇ ಎಲ್ಲ. ಮಗ್ಗಕ್ಕೊಂದರಂತೆ ಹನ್ನೆರಡನೆಯ ಪುಟ ಅಂಟಿತ್ತು.

ಕೇತನ ಒಳಗೆ ಬಂದು ನೋಡಿದ. ತಮ್ಮಣ್ಣನ ಎಡಕ್ಕೆ ನಿಂತು ಕೂಗಿದ. ತುಟಿಯ ಆಕಾರದಿಂದಲೇ ವೃಷಾಲಿಗೆ ತಿಳಿಯಿತು, 'ಏ' ಎಂದ. ತಮ್ಮಣ್ಣ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದ. ಕೊನೆಗೆ ತಾನೇ ಕೈಹಾಕಿ ಮಗ್ಗ ನಿಲ್ಲಿಸಿದ. ಹಾಸಿನ ಒಂದು ನೂಲು ಪಟ್ಟನೆ ಹರಿಯಿತು. ಅದನ್ನು ನೋಡಿ ಆಚೀಚೆಯವರೂ ಒಬ್ಬೊಬ್ಬರಾಗಿ ಮಗ್ಗ ನಿಲ್ಲಿಸಿದರು. ಯಾರೂ ಹೇಳಿರಲಿಲ್ಲ.

ಆ ಮೌನದಲ್ಲಿ ಕೇತನನ ಸ್ವರ ತೀರ ದೊಡ್ಡದಾಗಿ ಕೇಳಿತು. "ಏ, ಕಿವಿ ಕೇಳೂದಿಲ್ಲೇನು?"

"ಇಲ್ರಿ ಸಾವಕಾರ್ರ," ಎಂದ ತಮ್ಮಣ್ಣ ಹಾಳೆಯ ಮೇಲೆ ಬೆರಳಿಟ್ಟು. "ಇಲ್ಲಿ ಬರದೈತಿ, ನಾಕನೇ ಸಾಲು. ನಿಮ್ಮ ಮಗ್ಗನ ತಿಂದ್ಹಾಕಿದ ಕಿವಿ ಇದು. ಮ್ಯಾಲಿಂದೂ ಓದ್ರಿ, ಮೂರನೇದು. ಎಂಟ ವರ್ಷದವ್ರಿದ್ರಿ ನೀವು. ಇದ ಮಗ್ಗದ ಮುಂದ ಸ್ಟೂಲ ಮ್ಯಾಲ ನಿಲ್ಲಿಸಿ ಗಂಟ ಕಲಿಸೇನಿ. ಮರತ್ರೇನ್ರಿ?"

ತಮ್ಮಣ್ಣ ಹರಿದ ನೂಲಿನ ಎರಡು ತುದಿಗಳನ್ನು ಹಿಡಿದು ಕೇತನನ ಮುಂದೆ ಚಾಚಿದ.

"ನನ್ನ ಬಿಡಸ್ರಿ, ಬ್ಯಾಡನ್ನೂದಿಲ್ಲ. ಮದಲ ಇದನ್ನ ಕಟ್ರಿ. ನೀವ ಹರದದ್ದು."

ನಲವತ್ತು ಮಗ್ಗದವರು ನೋಡುತ್ತಿದ್ದರು. ಕೇತನ ಒಮ್ಮೆ ಸುತ್ತಲೂ ನೋಡಿ ಕೈ ಮುಂದೆ ಮಾಡಿದ. ಬೆರಳುಗಳು ಒಂದನ್ನೊಂದು ದಾಟಿ, ಸುತ್ತಿ, ಎಳೆದವು. ನೇಕಾರರ ಗಂಟು, ಸಣ್ಣದು, ಬಿಚ್ಚದಂಥದು. ತಮ್ಮಣ್ಣ ಹಾಕುವಂಥದೇ.