ಹೆಂಡತಿ ಹಿಂಡಿದ ಸೇಬಿನ ರಸ

ದರ್ಜಿ ಆಸ್ಪತ್ರೆಯ ಆಹಾರತಜ್ಞೆಯ ಮುಂದೆ ಕೈಕಟ್ಟಿ ಕೂತಿದ್ದ. ಹೆಂಡ ಮುಟ್ಟದವನ ಲಿವರಿನಲ್ಲೂ ಕೊಬ್ಬು ತುಂಬಿತ್ತು. ರಕ್ತದಲ್ಲಿ ಲಿವರಿನ ಕಿಣ್ವ ಇರಬೇಕಾದ್ದಕ್ಕಿಂತ ದುಪ್ಪಟ್ಟಾಗಿತ್ತು.

“ನಿನ್ನೆ ಬೆಳಗಿಂದ ಏನೇನು ತಗೊಂಡ್ರಿ?” ಎಂದು ಆಕೆ ಕೇಳಿದರೆ ಉತ್ತರ ಬಂದದ್ದು ಪಕ್ಕದಲ್ಲಿದ್ದ ಹೆಂಡತಿಯಿಂದ.

“ಇವರನ್ನ ಕೇಳ್ಬೇಡಿ ಮೇಡಂ, ಅಂಗಡೀಲಿ ಕದ್ದು ಬಿಸ್ಕತ್ತು ತಿಂತಾರೆ. ನಾನಂತೂ ಮನೆಗೆ ಸಕ್ಕರೆನೇ ತರಲ್ಲ. ದಿನಾ ಮೂರು ಹೊತ್ತು ದೊಡ್ಡ ಲೋಟದಲ್ಲಿ ಸೇಬಿನ ರಸ, ಅದಕ್ಕೆ ಜೇನುತುಪ್ಪ. ಅಷ್ಟೇ!”

ಆಹಾರತಜ್ಞೆಯ ಪೆನ್ನು ನಿಂತಿತು. “ಅಮ್ಮಾ, ಅದರಲ್ಲೇ ಇದೆ ತೊಂದರೆ. ರಸದಲ್ಲೂ ಜೇನಲ್ಲೂ ಫ್ರಕ್ಟೋಸ್ ಅನ್ನೋ ಸಕ್ಕರೆ ತುಂಬಾ ಇರುತ್ತೆ. ಜಾಸ್ತಿಯಾದ್ರೆ ಲಿವರ್ ಅದನ್ನ ಕೊಬ್ಬು ಮಾಡಿಡುತ್ತೆ. ಹಣ್ಣನ್ನ ಹಾಗೇ ಕಚ್ಚಿ ತಿನ್ನಲಿ, ದಿನಕ್ಕೆ ಒಂದೆರಡು ಸಾಕು.” ತೊಂಬತ್ತು ಕೆಜಿಯಲ್ಲಿ ಎಂಟು ಕೆಜಿಯನ್ನು ಆರು ತಿಂಗಳಲ್ಲಿ ನಿಧಾನವಾಗಿ ಇಳಿಸಬೇಕು, ಉಪವಾಸ ಕೂಡದು, ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಎಂದಳು.

ಮದುವೆಯಾದಾಗಿನಿಂದ ಮೊದಲ ಸಲ ಗೆದ್ದೆನೆಂದು ದರ್ಜಿ ಒಳಗೊಳಗೇ ಹಿಗ್ಗಿದ. ಹೊರಗೆ ಬಂದು ನೋಡಿದರೆ ಹೆಂಡತಿಯ ಕಣ್ಣು ತುಂಬಿತ್ತು.

“ನಿಮಗೆ ಒಳ್ಳೇದಾಗ್ಲಿ ಅಂತಲೇ ಕಣ್ರೀ ಹಿಂಡಿ ಹಿಂಡಿ ಕೊಟ್ಟೆ.”

ಅವನ ಹಿಗ್ಗು ಇಳಿಯಿತು. “ನಂಗೊತ್ತಿಲ್ವೇನೇ? ಬರೀ ರಸದಿಂದಲ್ಲ ಬಿಡು. ದಿನಾ ಎರಡು ಪ್ಯಾಕೆಟ್ ಬಿಸ್ಕತ್ತೂ ತಿಂತಿದ್ದೆ.”

“ಎರಡಾ!” ಅವಳ ಅಳು ಅಲ್ಲೇ ನಿಂತು, ಮನೆ ಮುಟ್ಟುವವರೆಗೂ ಬೈಗುಳ ಸುರಿಯಿತು.

ಮೂರು ತಿಂಗಳಲ್ಲಿ ಐದು ಕೆಜಿ ಇಳಿದು, ಕಿಣ್ವವೂ ಬಹುಮಟ್ಟಿಗೆ ಹದಕ್ಕೆ ಬಂತು. ಊರವರ ಬಟ್ಟೆ ಹೊಲಿಯುವ ಭರದಲ್ಲಿ ತನ್ನ ಪ್ಯಾಂಟು ಬಿಗಿ ಮಾಡಿಕೊಳ್ಳಲು ಪುರುಸೊತ್ತಾಗದೆ, ದರ್ಜಿ ಅದನ್ನು ಒಂದು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದ.